ಆಯುಧಪೂಜೆಯ ಹೂಮಾಲೆ: ಗೊಂಡೆ ಪೋಣಿಸುವುದೋ, ಸೇವಂತಿಗೆ ಕಟ್ಟುವುದೋ, ಸಿದ್ಧ ಮಾಲೆ ತರುವುದೋ?

ಮಹಾನವಮಿ ಹತ್ತಿರ ಬಂದಂತೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಪೇಟೆಗಳಲ್ಲಿ ಒಂದು ದಿನದ ಮಟ್ಟಿಗೆ ಹೂವಿನ ಅಂಗಡಿ ಹಾಕುವವರು ಕೇಳುವ ಪ್ರಶ್ನೆ ಒಂದೇ: ಬಿಡಿ ಹೂವನ್ನು ಕಿಲೋ ಲೆಕ್ಕದಲ್ಲಿ ತಂದು ನಾವೇ ಮಾಲೆ ಮಾಡಿದರೆ ಲಾಭವೋ, ಮಾಡಿದ ಮಾಲೆಯನ್ನೇ ತಂದು ಮಾರಿದರೆ ಲಾಭವೋ? ಬಿಡಿ ಹೂ ತರುವುದಾದರೆ ಗೊಂಡೆಯೋ ಸೇವಂತಿಗೆಯೋ?

ಬಹಳ ಜನ ಕಿಲೋ ದರವನ್ನೂ ಮಾಲೆಯ ಮಾರಾಟ ದರವನ್ನೂ ಪಕ್ಕಪಕ್ಕ ಇಟ್ಟು ನಡುವಿನದೆಲ್ಲ ಲಾಭ ಎಂದುಕೊಳ್ಳುತ್ತಾರೆ. ಹಬ್ಬ ಮುಗಿದು ಸಂಜೆ ಡಬ್ಬಿ ಎಣಿಸಿದಾಗ ದುಡ್ಡು ಅಷ್ಟಿರುವುದಿಲ್ಲ. ಎಲ್ಲಿ ಸೋರಿತು ಎನ್ನುವುದೂ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂದು ನೋಡಿ, ಆಮೇಲೆ ಮೂರನ್ನೂ ತೂಗೋಣ. ಇಲ್ಲಿ ಹಿಡಿದಿರುವ ದರಗಳು ಲೆಕ್ಕ ತೋರಿಸುವುದಕ್ಕಷ್ಟೇ. ಹಬ್ಬದ ದರ ಬೆಳಿಗ್ಗೆ ಒಂದಾದರೆ ಮಧ್ಯಾಹ್ನ ಒಂದು, ಆದ್ದರಿಂದ ನಿಮಗೆ ಸಿಕ್ಕ ದರವನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ನೋಡಬೇಕಾದ ನಾಲ್ಕು ಸಂಗತಿ

ಮೊದಲನೆಯದು, ಕೈಗೆ ಸಿಗುವ ನಿಜವಾದ ಕಿಲೋ. ಸಗಟು ಅಂಗಡಿಯಲ್ಲಿ ತೂಗಿದ್ದು ಬೇರೆ, ಸೂಜಿಗೆ ಏರುವುದು ಬೇರೆ. ಎರಡನೆಯದು, ಒಂದು ಮಾಲೆ ಎಷ್ಟು ಹೂ ತಿನ್ನುತ್ತದೆ ಎನ್ನುವುದು. ಇದನ್ನು ನಿರ್ಧರಿಸುವುದು ನೂಲಿನ ಉದ್ದ ಮತ್ತು ಹೂವಿನ ನಡುವಿನ ಅಂತರ. ಮೂರನೆಯದು ಕೈಕೆಲಸ. ಮನೆಯವರೇ ಕುಳಿತು ಪೋಣಿಸಿದರೂ ಅದನ್ನು ಕೂಲಿ ಎಂದೇ ಬರೆದಿಡಬೇಕು, ಇಲ್ಲದಿದ್ದರೆ ರಾತ್ರಿಯಿಡೀ ನಿದ್ದೆಗೆಟ್ಟ ದುಡಿಮೆ ಲಾಭದ ವೇಷ ಹಾಕಿಕೊಂಡು ಬರುತ್ತದೆ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ಹಾಕಿದ ದುಡ್ಡು ವಾಪಸು ಬರಲು ಎಷ್ಟು ಮಾಲೆ ಮಾರಬೇಕು, ಮಾರದೆ ಉಳಿದದ್ದಕ್ಕೆ ಮರುದಿನ ಬೆಲೆ ಇದೆಯೇ ಇಲ್ಲವೇ. ಒಂದು ಮಾಲೆಗೆ ಎಷ್ಟು ಉಳಿಯುತ್ತದೆ ಎಂದು ಕೇಳುವ ಬದಲು ಎಷ್ಟನೆಯ ಮಾಲೆಯಿಂದ ಉಳಿಯತೊಡಗುತ್ತದೆ ಎಂದು ಕೇಳಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಗೊಂಡೆ ಹೂ, ಬಿಡಿಯಾಗಿ ತಂದು ಪೋಣಿಸುವುದು

ವಾಹನಕ್ಕೆ, ಅಂಗಡಿ ಬಾಗಿಲಿಗೆ, ಯಂತ್ರಕ್ಕೆ ಹಾಕುವುದು ಹೆಚ್ಚಾಗಿ ಗೊಂಡೆಯನ್ನೇ. ಕರಾವಳಿಗೆ ಹಬ್ಬದ ಹೊರೆ ಬಹುತೇಕ ಘಟ್ಟದ ಮೇಲಿನಿಂದ ಇಳಿಯಬೇಕು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಕಾರವಾರ ಮುಟ್ಟುವಷ್ಟರಲ್ಲಿ ಗೋಣಿಚೀಲದ ನಡುವಿನ ಹೂ ಬಿಸಿಯಾಗಿರುತ್ತದೆ. ಶಿರಸಿಯವರಿಗೆ ದಾರಿ ಹತ್ತಿರ, ಸೆಕೆಯೂ ಕಡಿಮೆ, ಆದ್ದರಿಂದ ಹಾಳಾಗುವುದೂ ಸ್ವಲ್ಪ ಕಡಿಮೆ.

20 ಕಿಲೋ ಹೂವನ್ನು ಕಿಲೋಗೆ ₹80ರಂತೆ ತಂದಿರಿ ಎಂದಿಟ್ಟುಕೊಳ್ಳಿ. ಹೂವಿಗೆ ₹1,600, ಬಸ್ಸಿನ ಲಗೇಜು ಮತ್ತು ಹಮಾಲಿಗೆ ₹200, ಒಟ್ಟು ₹1,800. ಚೀಲ ಸುರಿದು ಆರಿಸಿದಾಗ ಜಜ್ಜಿದ್ದು, ಎಸಳು ಉದುರಿದ್ದು, ಬುಡ ಕಪ್ಪಾದದ್ದು ಎಲ್ಲ ಸೇರಿ 2 ಕಿಲೋ ಹೋಯಿತು. ಉಳಿದ 18 ಕಿಲೋಗೆ ₹1,800 ಬಿತ್ತು, ಅಂದರೆ ನಿಮ್ಮ ನಿಜವಾದ ದರ ₹80 ಅಲ್ಲ, ₹100.

ಒದ್ದೆ ಹೊರೆಯಾದರೆ ಲೆಕ್ಕ ಇನ್ನೂ ಕೆಡುತ್ತದೆ. ಮಳೆಯಲ್ಲಿ ಕೊಯ್ದ ಗೊಂಡೆ ಎಸಳುಗಳ ನಡುವೆ ನೀರು ಹಿಡಿದುಕೊಂಡಿರುತ್ತದೆ, ನೀವು ಹೂವಿನ ದರದಲ್ಲಿ ನೀರು ಕೊಳ್ಳುತ್ತೀರಿ. ನೀರೂ ಕೊಳೆತದ್ದೂ ಸೇರಿ 20ರಲ್ಲಿ 5 ಕಿಲೋ ಹೋದರೆ ದರ ₹120ಕ್ಕೆ ಏರುತ್ತದೆ. ಪರೀಕ್ಷೆ ಕಷ್ಟವಿಲ್ಲ. ಚೀಲದ ಮೇಲಿನ ಹೂ ನೋಡಿ ಒಪ್ಪಬೇಡಿ, ನಡುವಿಗೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಕೈಗೆ ಬಿಸಿ ತಟ್ಟಿದರೆ ಅಥವಾ ಹುಳಿ ವಾಸನೆ ಬಂದರೆ ಒಳಗೆ ಕೊಳೆಯುವುದು ಶುರುವಾಗಿದೆ ಎಂದೇ ಅರ್ಥ. ಹಿಂಡಿದಾಗ ಬೆರಳ ಸಂದಿಯಲ್ಲಿ ನೀರು ಇಳಿದರೆ ದರ ಇಳಿಸಿ ಕೇಳಬೇಕು. ಗೋಣಿಯ ತೂಕವನ್ನು ಕಳೆದಿದ್ದಾರೆಯೇ ಎಂದೂ ಅಲ್ಲೇ ಕೇಳಿಬಿಡಿ.

ಮನೆಗೆ ತಂದ ಕೂಡಲೇ ಚೀಲ ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ ತಟ್ಟಿನ ಮೇಲೋ ಹತ್ತಿ ಬಟ್ಟೆಯ ಮೇಲೋ ತೆಳ್ಳಗೆ ಹರಡಬೇಕು. ತಾಜಾ ಇರಲಿ ಎಂದು ಗೊಂಡೆಗೆ ನೀರು ಚಿಮುಕಿಸುವುದು ತಪ್ಪು. ಕರಾವಳಿಯ ಹವೆಯಲ್ಲಿ ಅದು ಆರುವುದಿಲ್ಲ, ಬೆಳಗಾಗುವಷ್ಟರಲ್ಲಿ ಎಸಳಿನ ಬುಡ ಕಂದಿರುತ್ತದೆ.

ಈಗ ನೂಲಿನ ವಿಷಯ. ಮಧ್ಯಮ ಗಾತ್ರದ ಗೊಂಡೆ ಕಿಲೋಗೆ ಸುಮಾರು 140 ಬರುತ್ತದೆ ಎಂದು ಹಿಡಿಯೋಣ. ಹೂ ದಪ್ಪವಿದ್ದರೆ ಕಡಿಮೆ ಬರುತ್ತದೆ, ಆದ್ದರಿಂದ ಒಂದು ಕಿಲೋ ಎಣಿಸಿಯೇ ನೋಡಿ. ತೊಟ್ಟಿನ ಕಡೆಯಿಂದ ಸೂಜಿ ಚುಚ್ಚಿ ನಟ್ಟನಡುವೆ ಹೊರಗೆ ತೆಗೆದು ಒಂದರ ಹಿಂದೆ ಒಂದನ್ನು ಕೂರಿಸಿದರೆ ಒಂದು ಹೂ 3 ಸೆಂಟಿಮೀಟರ್ ಜಾಗ ತೆಗೆದುಕೊಳ್ಳುತ್ತದೆ. ಕಾರಿನ ಮುಂದೆ ಕಟ್ಟುವ 4 ಅಡಿ, ಅಂದರೆ 120 ಸೆಂಟಿಮೀಟರ್ ಮಾಲೆಗೆ 40 ಹೂ. ಎರಡೂ ತುದಿಗೆ ಕಟ್ಟಲು 15 ಸೆಂಟಿಮೀಟರ್ ಬಿಟ್ಟರೆ ನೂಲು ಒಂದೂವರೆ ಮೀಟರ್ ಬೇಕು. ಎಳೆ ಎರಡಾಗಿ ಮಡಚಬೇಕಾದ್ದರಿಂದ ಕತ್ತರಿಸುವುದು 3 ಮೀಟರ್. ಒಂಟಿ ಎಳೆ ಹಾಕಿದರೆ ಬಂಪರಿಗೆ ಬಿಗಿಯುವಾಗಲೇ ತುಂಡಾಗುತ್ತದೆ. ನೈಲಾನ್ ದಾರ ಗಟ್ಟಿ ನಿಜ, ಆದರೆ ಅದು ನುಣುಪು, ಹೂವಿನ ಬುಡವನ್ನು ಕೊಯ್ದುಕೊಂಡು ಹೋಗುತ್ತದೆ. ಗಾಡಿ ನಾಲ್ಕು ಹೊಂಡ ಹಾರಿದ ಮೇಲೆ ಹೂವೆಲ್ಲ ಕೆಳತುದಿಗೆ ಜಾರಿ ಕುಳಿತಿರುತ್ತದೆ. ಹತ್ತಿ ನೂಲು ಹೂವಿನ ಪಸೆ ಹೀರಿ ಉಬ್ಬಿ ಹಿಡಿದುಕೊಳ್ಳುತ್ತದೆ.

ನೂಲಿನ ಖರ್ಚು ತಿಳಿಯಲು ಉಂಡೆಯ ಉದ್ದ ಅಳೆಯಬೇಕಿಲ್ಲ. ₹40ರ ಉಂಡೆಯಲ್ಲಿ ಇಂತಹ 50 ಮಾಲೆ ಆದರೆ ಮಾಲೆಗೆ 80 ಪೈಸೆ, 60 ಮಾಲೆಗೆ ₹48. ಇದನ್ನು ಉಳಿಸಲು ಹೋಗಿ ತಲೆ ಕೆಡಿಸಿಕೊಳ್ಳುವವರಿದ್ದಾರೆ. ನೂಲಿನಲ್ಲಿ ಉಳಿಸುವುದು ಏನೂ ಇಲ್ಲ, ಆದರೆ ನೂಲಿನ ಅಳತೆ ತಪ್ಪಿದರೆ ಕಳೆದುಕೊಳ್ಳುವುದು ಬಹಳ. ಪೋಣಿಸುವ ಕೈ ಬಿಗಿಯಾಗಿ ಒತ್ತಿ 3ರ ಬದಲು ಎರಡೂವರೆ ಸೆಂಟಿಮೀಟರಿಗೆ ಒಂದರಂತೆ ಕೂರಿಸಿದರೆ ಅದೇ ಮಾಲೆಗೆ 40 ಹೋಗಿ 48 ಹೂ ಬೇಕಾಗುತ್ತದೆ. ಹೆಚ್ಚಿನ 8 ಹೂವಿಗೆ ಸುಮಾರು ₹5.70. 60 ಮಾಲೆಗೆ ₹340 ದಾಟುತ್ತದೆ, ಇಡೀ ದಿನದ ನೂಲಿನ ಖರ್ಚಿನ ಏಳು ಪಟ್ಟು! ಗಿರಾಕಿ ಈ ಬಿಗುವಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಹಾಗೆಂದು ತೀರಾ ಸಡಿಲ ಬಿಟ್ಟು ನೂಲು ಕಾಣಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಇದಕ್ಕೆ ಸುಲಭದ ಉಪಾಯ: ಒಂದು ಹಲಗೆಗೆ ಒಂದೂವರೆ ಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು ನೂಲನ್ನು ಸುತ್ತುತ್ತ ಹೋಗಿ. ಅರವತ್ತು ಸುತ್ತಾದ ಮೇಲೆ ಒಂದು ಮೊಳೆಯ ಹತ್ತಿರ ಒಟ್ಟಿಗೆ ಕತ್ತರಿಸಿದರೆ 3 ಮೀಟರಿನ ಅರವತ್ತು ಎಳೆ ಸಿದ್ಧ. ಇನ್ನು ಹೂವನ್ನು ಇಪ್ಪತ್ತರ ಗುಪ್ಪೆ ಮಾಡಿ ಮುಂದಿಟ್ಟರೆ, ಮಾಲೆಗೆ ಎರಡು ಗುಪ್ಪೆ ಎಂದಾಯಿತು. ನಾಲ್ಕು ಜನ ಕುಳಿತು ಪೋಣಿಸಿದರೂ ಮಾಲೆ ಒಂದೇ ಅಳತೆಗೆ ಬರುತ್ತದೆ.

18 ಕಿಲೋದಲ್ಲಿ 2,520 ಹೂ. 60 ಮಾಲೆಗೆ 2,400 ಹೋಗಿ 120 ಉಳಿಯುತ್ತದೆ, ಅದನ್ನು ಬಿಡಿ ಹೂವಾಗಿ ಮಾರಬಹುದು. ಒಂದೇ ಸಲ ಎಂಟು ಹತ್ತು ಹೂ ಏರಿಸುವ ಉದ್ದ ಸೂಜಿಯಿದ್ದರೆ ಪಳಗಿದ ಕೈಗೆ ಮಾಲೆಗೆ ಐದು ನಿಮಿಷ ಸಾಕು, ಒಟ್ಟು ಐದು ತಾಸಿನ ಕೆಲಸ. ಮಾಲೆಗೆ ₹5 ಕೂಲಿ ಹಿಡಿದರೆ ₹300. ಜಾಗದ ಬಾಡಿಗೆ, ಟಾರ್ಪಾಲು, ಚಹಾ ತಿಂಡಿಗೆ ಇನ್ನೊಂದು ₹300. ನೂಲನ್ನು ₹50 ಎಂದುಕೊಂಡರೆ ಒಟ್ಟು ಖರ್ಚು ₹2,450.

ಮಾಲೆ ₹70ಕ್ಕೆ ಮಾರಿದರೆ 35ನೆಯ ಮಾಲೆಗೆ ದುಡ್ಡು ವಾಪಸು. ಬೆಳಿಗ್ಗೆ ಗಿರಾಕಿ ನುಗ್ಗಿ 40 ಮಾಲೆ ₹70ಕ್ಕೂ, ಮಧ್ಯಾಹ್ನ 12 ಮಾಲೆ ₹50ಕ್ಕೂ ಹೋಗಿ 8 ಉಳಿದರೆ ಬಂದದ್ದು ₹3,400, ಉಳಿದದ್ದು ₹950. ವ್ಯಾಪಾರ ಮಂದವಾಗಿ 30 ಮಾಲೆ ₹70ಕ್ಕೆ, 10 ಮಾಲೆ ₹40ಕ್ಕೆ ಹೋದರೆ ಬರುವುದು ₹2,500, ಲಾಭ ಬರೀ ₹50. ಎರಡು ದಿನಗಳ ನಡುವಿನ ವ್ಯತ್ಯಾಸವೆಲ್ಲ ಕೊನೆಯ ಮೂವತ್ತು ಮಾಲೆಯಲ್ಲೇ ಇದೆ.

ಹಾಗಾಗಿ ರಾತ್ರಿ ಅರವತ್ತನ್ನೂ ಪೋಣಿಸಿ ಇಡಬಾರದು. ನಲವತ್ತು ಪೋಣಿಸಿ, ಉಳಿದ ಹೂವನ್ನು ಹರಡಿಯೇ ಇಟ್ಟು, ಬೆಳಿಗ್ಗೆ ಗಿರಾಕಿ ನೋಡಿಕೊಂಡು ಅಂಗಡಿಯಲ್ಲೇ ಕುಳಿತು ಪೋಣಿಸಿ. ಬಿಡಿ ಹೂವನ್ನು 100 ಗ್ರಾಂಗೆ ₹15ರಂತೆ ಮಾರುತ್ತಿದ್ದರೆ ಒಂದು ಮಾಲೆಯಷ್ಟು ಹೂವಿಗೆ ₹43 ಬರುತ್ತದೆ, ನೂಲೂ ಬೇಡ ಕೂಲಿಯೂ ಬೇಡ. ಅಂದಮೇಲೆ ಬಿಡಿ ಹೂವಿಗೆ ಗಿರಾಕಿ ಇರುವ ತನಕ ಮಾಲೆಯನ್ನು ₹43ಕ್ಕಿಂತ ಕೆಳಗೆ ಚೌಕಾಸಿಗೆ ಬಿಡುವುದರಲ್ಲಿ ಅರ್ಥವಿಲ್ಲ.

ಸೇವಂತಿಗೆ ಕಟ್ಟಿ ಮಾರು ಲೆಕ್ಕದಲ್ಲಿ ಮಾರುವುದು

ಸೇವಂತಿಗೆಯ ಗಿರಾಕಿಯೇ ಬೇರೆ. ದೇವರ ಫೋಟೋಕ್ಕೆ, ಗಲ್ಲಾಪೆಟ್ಟಿಗೆಗೆ, ಮನೆಯ ದೇವರಿಗೆ ಕೊಳ್ಳುವವರು ಮೊಳದ ಲೆಕ್ಕದಲ್ಲೋ ಮಾರಿನ ಲೆಕ್ಕದಲ್ಲೋ ಕೇಳುತ್ತಾರೆ. ಹೂ ಹಗುರ, ಕಿಲೋಗೆ ಸುಮಾರು 330 ಬರುತ್ತದೆ. ಎರಡೆರಡು ಹೂ ಜೋಡಿಸಿ ಗಂಟು ಹಾಕುತ್ತ ಹೋದರೆ ನಾಲ್ಕು ಮೊಳದ ಒಂದು ಮಾರಿಗೆ 60 ಗಂಟು, 120 ಹೂ, ತೂಕದಲ್ಲಿ 360 ಗ್ರಾಂ ಆಸುಪಾಸು.

10 ಕಿಲೋವನ್ನು ₹160ರಂತೆ ತಂದು ಸಾಗಣೆಗೆ ₹100 ಕೊಟ್ಟರೆ ₹1,700. ಒಂದು ಕಿಲೋ ಹಾಳು ಕಳೆದು 9 ಕಿಲೋದಲ್ಲಿ 25 ಮಾರು. ಗಂಟು ಹಾಕಿ ಕಟ್ಟುವುದಕ್ಕೆ ಮಾಲೆಯ ಉದ್ದದ ಮೂರರಷ್ಟು ನೂಲು ಹೋಗುವುದರಿಂದ ಮಾರಿಗೆ ₹1.50, ಒಟ್ಟು ಸುಮಾರು ₹40. ಪಳಗಿದವರಿಗೂ ಮಾರಿಗೆ 12 ನಿಮಿಷ ಬೇಕು, ₹12 ಕೂಲಿ ಎಂದರೆ ₹300. ಅಂಗಡಿಯ ₹300 ಸೇರಿಸಿ ಒಟ್ಟು ₹2,340. ಮಾರಿಗೆ ₹130 ಸಿಕ್ಕರೆ 18ನೆಯ ಮಾರಿಗೆ ಅಸಲು, ಇಪ್ಪತ್ತೈದೂ ಹೋದರೆ ₹910 ಲಾಭ.

ಗೊಂಡೆಯಲ್ಲಿ 60ರಲ್ಲಿ 35 ಮಾರಿದರೆ ಅಸಲು ಬರುತ್ತಿತ್ತು, ಇಲ್ಲಿ 25ರಲ್ಲಿ 18 ಮಾರಬೇಕು. ಮೇಲುನೋಟಕ್ಕೆ ಸೇವಂತಿಗೆಯೇ ಅಪಾಯ ಎನಿಸುತ್ತದೆ. ಆದರೆ ಪೋಣಿಸಿದ ಗೊಂಡೆ ಮರುದಿನಕ್ಕೆ ಎಸಳು ಉದುರಿಸತೊಡಗಿದರೆ, ತಾಜಾ ಹೂವಿನಿಂದ ಕಟ್ಟಿದ ಸೇವಂತಿಗೆ ಒದ್ದೆ ಬಟ್ಟೆ ಸುತ್ತಿ ತಂಪಿನಲ್ಲಿಟ್ಟರೆ ಎರಡು ದಿನ ನಿಲ್ಲುತ್ತದೆ. ಮಂದ ವ್ಯಾಪಾರದ ದಿನ 15 ಮಾರಷ್ಟೇ ಹೋಗಿ ₹390 ಕೈಬಿಟ್ಟರೂ ಉಳಿದ 10 ಮಾರನ್ನು ವಿಜಯದಶಮಿಯ ಬೆಳಿಗ್ಗೆ ₹100ರಂತೆ ತೀರಿಸಿದರೆ ಕೊನೆಗೆ ₹610 ಉಳಿಯುತ್ತದೆ. ಮರುದಿನವೂ ಅಂಗಡಿ ಹಾಕುವವರಿಗೆ ಇದು ದೊಡ್ಡ ಆಸರೆ. ಒಂದೇ ದಿನ ಕುಳಿತು ಏಳುವವರಿಗೆ ಈ ಅನುಕೂಲ ಸಿಗದು.

ಎರಡು ಕಡೆ ಎಚ್ಚರ ಬೇಕು. ಗಂಟು ತೀರಾ ಬಿಗಿದರೆ ತೊಟ್ಟು ಕತ್ತರಿಸಿ ಹೂ ಉದುರುತ್ತದೆ, ಸಡಿಲವಾದರೆ ಜೋಡಿ ತಿರುಗಿ ಮಾಲೆ ಒಂದೇ ಪಕ್ಕಕ್ಕೆ ಬೋಳಾಗುತ್ತದೆ. ಹೊಸಬರನ್ನು ಕೂರಿಸಿದರೆ ಎರಡೂ ಆಗುತ್ತದೆ. ಇನ್ನೊಂದು, ಅಳತೆಯ ತಕರಾರು. “ಅಕ್ಕಾ, ನಿಮ್ಮ ಕೈ ಸಣ್ಣ, ಮೊಳ ಕಡ್ಮಿ ಆತು” ಎಂದು ಗಿರಾಕಿ ತಕರಾರು ತೆಗೆದರೆ ನಾಲ್ಕು ಬೆರಳು ಹೆಚ್ಚು ಬಿಡುವುದು ರೂಢಿ. ಪ್ರತಿ ಮಾರಿಗೂ ನಾಲ್ಕು ಬೆರಳು, ಅಂದರೆ 7 ಸೆಂಟಿಮೀಟರ್, ಹೋಗುತ್ತ ಬಂದರೆ 25 ಮಾರಿನಲ್ಲಿ ಒಂದು ಮಾರು ಪುಕ್ಕಟೆ ಹೋಯಿತು. ಮಣೆಯ ಅಂಚಿನಲ್ಲಿ 45 ಸೆಂಟಿಮೀಟರಿಗೆ ಗುರುತು ಹಾಕಿ ಎಲ್ಲರ ಎದುರು ಅದರಲ್ಲೇ ಅಳೆದುಕೊಟ್ಟರೆ ಮಾತಿಲ್ಲ.

ಸಿದ್ಧ ಮಾಲೆ

ಅದೇ 4 ಅಡಿಯ ಗೊಂಡೆ ಮಾಲೆ ಸಗಟಿನಲ್ಲಿ ₹45ಕ್ಕೆ ಸಿಕ್ಕಿತೆನ್ನಿ. 60 ಮಾಲೆಗೆ ₹2,700, ಸಾಗಣೆ ₹100, ಅಂಗಡಿ ₹300, ಒಟ್ಟು ₹3,100. ₹70ರಂತೆ 45 ಮಾಲೆ ಮಾರುವ ತನಕ ಅಸಲೇ ಬರುವುದಿಲ್ಲ. ಮೇಲೆ ಹೇಳಿದ ಒಳ್ಳೆಯ ದಿನದ ವ್ಯಾಪಾರ, ಅಂದರೆ ₹3,400 ಬಂದರೂ ಕೈಗೆ ₹300. ದೊಡ್ಡ ಸಂಖ್ಯೆಯಲ್ಲಿ ಸಿದ್ಧ ಮಾಲೆ ತರುವುದು ನನ್ನ ಪ್ರಕಾರ ಯಾರಿಗೂ ಹೇಳುವಂಥದ್ದಲ್ಲ.

ಆದರೆ ತೆಂಗಿನಕಾಯಿ, ಬಾಳೆಹಣ್ಣು, ಕುಂಬಳಕಾಯಿ ಮಾರುವ ಅಂಗಡಿ ಆಗಲೇ ಇದ್ದು, ಪಕ್ಕದಲ್ಲಿ ಒಂದಿಷ್ಟು ಮಾಲೆಯನ್ನೂ ತೂಗುಹಾಕುವ ಆಲೋಚನೆಯಿದ್ದರೆ ಲೆಕ್ಕ ತಿರುಗುತ್ತದೆ. 25 ಮಾಲೆಗೆ ₹1,125, ಸಾಗಣೆ ₹50. ಜಾಗದ ಖರ್ಚು ಹೇಗೂ ಇದ್ದದ್ದೇ. ಎಲ್ಲವೂ ಹೋದರೆ ₹575 ಉಳಿಯುತ್ತದೆ, ರಾತ್ರಿ ನಿದ್ದೆಯೂ ಉಳಿಯುತ್ತದೆ. ಬರೀ ಹೂವಿಗಾಗಿಯೇ ಜಾಗ ಹಿಡಿದವರಿಗೆ ಇದೇ 25 ಮಾಲೆಯಲ್ಲಿ ಸಿಗುವುದು ₹275 ಮಾತ್ರ.

ಕೊಳ್ಳುವಾಗ ಒಂದೆರಡು ಮಾಲೆಯನ್ನು ತಕ್ಕಡಿಗೆ ಹಾಕಿ. 40 ಹೂವಿನ ಮಾಲೆ 280 ಗ್ರಾಂ ಹತ್ತಿರ ತೂಗಬೇಕು. 230 ಗ್ರಾಂ ತೂಗಿದರೆ ಹೂ ಕಡಿಮೆ ಹಾಕಿ ಎಳೆದು ಉದ್ದ ಮಾಡಿದ್ದಾರೆ, ಇಲ್ಲವೇ ಮಾಲೆ ಹಳತಾಗಿ ಒಣಗಿದೆ. ಕಟ್ಟಿನ ಹೊರಗಿನದನ್ನು ಬಿಟ್ಟು ಒಳಗಿನದನ್ನು ಬಿಡಿಸಿ ನೋಡಿ, ಮಡಿಕೆಯ ಜಾಗದಲ್ಲಿ ಹೂ ಕಂದಿದ್ದರೆ ಅದು ಹಿಂದಿನ ದಿನದ್ದು.

ಮಲ್ಲಿಗೆಯನ್ನು ಈ ಹೋಲಿಕೆಗೆ ಸೇರಿಸಿಲ್ಲ. ಮೊಗ್ಗಿನ ದರ ಹಬ್ಬದಲ್ಲಿ ಹಿಡಿತಕ್ಕೆ ಸಿಗುವುದಿಲ್ಲ, ಅರಳಿದ ಮೇಲೆ ಬೆಲೆಯೂ ಇಲ್ಲ. ಒಂದು ದಿನದ ಅಂಗಡಿಗೆ ಅದು ಹೊಂದದು.

ಯಾರಿಗೆ ಯಾವುದು

ಕೈಯಲ್ಲಿ ₹1,500ರ ಒಳಗೆ ಇದ್ದು ಪೋಣಿಸಲು ಜನವಿಲ್ಲ ಎಂದರೆ 25 ಸಿದ್ಧ ಮಾಲೆಯೇ ಸರಿ, ಆದರೆ ಬೇರೆ ಸಾಮಾನಿನ ಜೊತೆಗೆ. ಅಷ್ಟೇ ದುಡ್ಡಿದ್ದು ಮನೆಯಲ್ಲಿ ಎರಡು ಪಳಗಿದ ಕೈ ಇದ್ದರೆ 10 ಕಿಲೋ ಗೊಂಡೆ ತಂದು ಮೂವತ್ತು ಮಾಲೆ ಮಾಡಿ. ಹೂ, ಸಾಗಣೆಗೆ ₹900, ನೂಲಿಗೆ ₹25, ಕೂಲಿಗೆ ₹150, ಅಂಗಡಿಗೆ ₹300, ಒಟ್ಟು ₹1,375. ಇಪ್ಪತ್ತನೆಯ ಮಾಲೆಗೆ ಅಸಲು ದಾಟುತ್ತೀರಿ. ಅಂಗಡಿಯ ಖರ್ಚು ಮಾತ್ರ ಅರ್ಧವಾಗುವುದಿಲ್ಲ ಎಂಬುದು ನೆನಪಿರಲಿ, ಅದಕ್ಕಾಗಿಯೇ ಮೂವತ್ತಕ್ಕಿಂತ ಕಡಿಮೆ ಮಾಲೆಗೆ ಜಾಗ ಹಿಡಿಯುವುದು ಲೆಕ್ಕಕ್ಕೆ ಬರುವುದಿಲ್ಲ.

₹4,500ರ ತನಕ ಹಾಕಬಲ್ಲವರು, ಎರಡು ದಿನ ಕುಳಿತುಕೊಳ್ಳುವವರು ಗೊಂಡೆ 20 ಕಿಲೋ, ಸೇವಂತಿಗೆ 10 ಕಿಲೋ ಎರಡನ್ನೂ ತರಬಹುದು. ಜಾಗದ ₹300 ಒಂದೇ ಸಲ ಬೀಳುವುದರಿಂದ ಒಟ್ಟು ₹4,490ಕ್ಕೆ ನಿಲ್ಲುತ್ತದೆ. ಸೇವಂತಿಗೆಯನ್ನು ಹಿಂದಿನ ಸಂಜೆಯೇ ಕಟ್ಟಿ ಮುಗಿಸಿ, ಗೊಂಡೆಯನ್ನು ರಾತ್ರಿ ತಡವಾಗಿ ಪೋಣಿಸುವುದು ಸರಿಯಾದ ಕ್ರಮ, ಏಕೆಂದರೆ ಕಾಯುವ ಶಕ್ತಿ ಸೇವಂತಿಗೆಗೆ ಇದೆ, ಗೊಂಡೆಗೆ ಇಲ್ಲ.

ಈ ಲೆಕ್ಕವನ್ನು ಹಾಗೇ ದೀಪಾವಳಿಗೆ ಎತ್ತಿಕೊಂಡು ಹೋಗಬೇಡಿ. ಶಿರಸಿ ಸುತ್ತಿನ ಹಳ್ಳಿಗಳಲ್ಲಿ ಬಲಿಪಾಡ್ಯಮಿಗೆ ದನಗಳಿಗೆ ಹಾಕುವ ಸರವನ್ನು ಅಡಿಕೆ, ಪಚ್ಚೆತೆನೆ, ಗೊಂಡೆ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ಗೊಂಡೆ ಎಷ್ಟೋ ಮನೆಗಳ ಅಂಗಳದಲ್ಲೇ ಬಿಟ್ಟಿರುತ್ತದೆ. ಅಲ್ಲಿ ಪೋಣಿಸಿದ ಮಾಲೆಗಿಂತ ಬಿಡಿ ಹೂವೇ ಹೆಚ್ಚು ಓಡುತ್ತದೆ, ಮಾಲೆ ಬೇಕಾಗುವುದು ಪೇಟೆಯ ಅಂಗಡಿಗಳ ಲಕ್ಷ್ಮೀಪೂಜೆಗೆ. 20 ಕಿಲೋ ತಂದರೆ 10 ಕಿಲೋವನ್ನು ಬಿಡಿಯಾಗಿಯೇ ಮಾರುವಂತೆ ಇಟ್ಟು, ಇಪ್ಪತ್ತೈದು ಮೂವತ್ತು ಮಾಲೆಗಷ್ಟೇ ನೂಲು ಕತ್ತರಿಸಿ.